ಇಂಜೆಕ್ಷನ್ ವಯಲ್, ಆಂಪೂಲ್ ಲೇಬಲ್ ಓದುವುದು ಹೇಗೆ: ಎಷ್ಟು ಔಷಧಿ, ಎಷ್ಟು ದ್ರವದಲ್ಲಿ, ಯಾವ ದಾರಿಯಲ್ಲಿ

ಹೆಪಾರಿನ್‌ನ ಎರಡು ವಯಲ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡೂ 5 ಎಂಎಲ್. ಎತ್ತರ, ಗಾಜು, ಒಳಗಿನ ತಿಳಿ ದ್ರವ ಎಲ್ಲ ಒಂದೇ ಥರ. ಆದರೆ ಒಂದರಲ್ಲಿ ಎಂಎಲ್‌ಗೆ 1,000 ಯೂನಿಟ್ ಇದೆ, ಇನ್ನೊಂದರಲ್ಲಿ ಎಂಎಲ್‌ಗೆ 5,000. ಡಾಕ್ಟರ್ ಬರೆದಿರುವುದು "ಹೆಪಾರಿನ್ 5,000 ಯೂನಿಟ್, ಚರ್ಮದಡಿಗೆ" ಅಂತ. ಎರಡನೇ ವಯಲ್ ಕೈಗೆ ಬಂತು ಅನ್ನೋಣ. ಲೇಬಲ್ ಮೇಲೆ 5,000 ಅಂತ ಕಾಣುತ್ತದೆ, ಆರ್ಡರ್‌ನಲ್ಲೂ 5,000 ಅಂತಲೇ ಇದೆ. ಎರಡೂ ಹೊಂದಿದವಲ್ಲ ಅಂದುಕೊಂಡು ಇಡೀ ವಯಲ್ ಎಳೆದರೆ ರೋಗಿಗೆ ಹೋಗುವುದು 25,000 ಯೂನಿಟ್. ಬೇಕಾದದ್ದಕ್ಕಿಂತ ಐದು ಪಟ್ಟು ಜಾಸ್ತಿ.

ಇಲ್ಲಿ ಲೆಕ್ಕ ತಪ್ಪಿಲ್ಲ. ಓದುವುದು ತಪ್ಪಿದೆ. ಈ ಬರಹ ಇಂಜೆಕ್ಷನ್ ಕೊಡುವ ಕೆಲಸ ಕಲಿಯುತ್ತಿರುವವರಿಗೆ, ಮುಖ್ಯವಾಗಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಮತ್ತು ವಾರ್ಡಿಗೆ ಹೊಸದಾಗಿ ಬಂದವರಿಗೆ. ಲೇಬಲ್‌ನಲ್ಲಿ ಹತ್ತಾರು ಸಾಲು ಇರುತ್ತವೆ, ಆದರೆ ಡೋಸ್ ತೀರ್ಮಾನವಾಗುವುದು ಮೂರು ಸಂಗತಿಗಳ ಮೇಲೆ: ಒಂದೊಂದು ಎಂಎಲ್‌ನಲ್ಲಿ ಎಷ್ಟು ಔಷಧಿ, ಒಟ್ಟು ಎಷ್ಟು ಎಂಎಲ್, ದೇಹದೊಳಗೆ ಹೋಗುವ ದಾರಿ ಯಾವುದು. ಈ ಮೂರನ್ನೂ ಬೇರೆ ಬೇರೆಯಾಗಿ ಓದಿ ಮುಗಿಸಬೇಡಿ. ಒಂದನ್ನು ಇನ್ನೊಂದರ ಎದುರು ನಿಲ್ಲಿಸಿ ನೋಡಿ. ಒಂದರಲ್ಲಿ ಕಣ್ಣು ತಪ್ಪಿದ್ದನ್ನು ಇನ್ನೊಂದು ಹಿಡಿದುಕೊಡುತ್ತದೆ.

ಒಡೆಯುವ ಮುಂಚೆ, ಎಳೆಯುವ ಮುಂಚೆ

ಆಂಪೂಲ್ ಮೇಲಿನ ಅಕ್ಷರ ಎಷ್ಟೋ ಸಲ ಗಾಜಿನ ಮೇಲೇ ಅಚ್ಚಾಗಿರುತ್ತದೆ. 1 ಎಂಎಲ್ ಆಂಪೂಲ್ ಅಂದರೆ ಕಿರುಬೆರಳಿಗಿಂತ ಸಣ್ಣದು. ಅದರ ಸುತ್ತ ಬರಹ ಬಾಗಿಕೊಂಡು ಹೋಗಿರುತ್ತದೆ. ಮುಂದಿನಿಂದ ನೋಡಿದರೆ ಹೆಸರು ಮತ್ತು ಒಂದು ಸಂಖ್ಯೆ ಮಾತ್ರ ಕಾಣುತ್ತದೆ, ಆ ಸಂಖ್ಯೆಯ ಮುಂದಿನ ಪದ ಹಿಂಬದಿಗೆ ಹೋಗಿರುತ್ತದೆ. "80 ಎಂಜಿ" ಇತ್ತ ಕಂಡರೆ "2 ಎಂಎಲ್‌ನಲ್ಲಿ" ಅನ್ನುವುದು ಅತ್ತ ಉಳಿಯುತ್ತದೆ. ಹಾಗಾಗಿ ಆಂಪೂಲನ್ನು ಬೆರಳುಗಳ ನಡುವೆ ಪೂರ್ತಿ ಒಂದು ಸುತ್ತು ತಿರುಗಿಸಿ ಓದಿ. ಪಾರದರ್ಶಕ ಗಾಜಿನ ಮೇಲೆ ಬಿಳಿ ಅಕ್ಷರ ಇದ್ದರೆ ಹಿಂದೆ ಗಾಢ ಬಣ್ಣದ ಏನಾದರೂ ಹಿಡಿಯಿರಿ, ನೀಲಿ ಅಕ್ಷರ ಇದ್ದರೆ ಬಿಳಿ ಕಾಗದ ಹಿಡಿಯಿರಿ. ಕುತ್ತಿಗೆಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸುವುದು ಓದಿದ ಮೇಲಿನ ಕೆಲಸ. ಕೆಲವು ಶಾಯಿ ಸ್ಪಿರಿಟ್‌ಗೆ ಅಳಿಸಿಹೋಗುತ್ತದೆ, ಆಮೇಲೆ ನೋಡಿದರೆ ಸಂಖ್ಯೆಯೇ ಇರುವುದಿಲ್ಲ.

ಆಂಪೂಲ್ ಕುತ್ತಿಗೆಯ ಮೇಲಿನ ಬಣ್ಣದ ಪಟ್ಟಿ ಅಥವಾ ಚುಕ್ಕೆಯನ್ನಾಗಲಿ, ವಯಲ್ ಮುಚ್ಚಳದ ಬಣ್ಣವನ್ನಾಗಲಿ ನೋಡಿ ಔಷಧಿ ಗುರುತಿಸಬೇಡಿ. ಚುಕ್ಕೆ ಇರುವುದು ಎಲ್ಲಿ ಒತ್ತಿ ಮುರಿಯಬೇಕು ಅಂತ ತೋರಿಸಲು. ಮುಚ್ಚಳದ ಬಣ್ಣ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. 2006ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನವಜಾತ ಶಿಶುಗಳಿಗೆ ಎಂಎಲ್‌ಗೆ 10 ಯೂನಿಟ್ ಇರುವ ಹೆಪಾರಿನ್ ಕೊಡಬೇಕಾದ ಕಡೆ ಎಂಎಲ್‌ಗೆ 10,000 ಯೂನಿಟ್ ಇರುವುದು ಹೋಯಿತು. ಮೂರು ಮಕ್ಕಳು ತೀರಿಕೊಂಡವು. ಎರಡೂ ಪುಟ್ಟ ವಯಲ್‌ಗಳು, ಎರಡರ ಲೇಬಲ್‌ನಲ್ಲೂ ನೀಲಿ ಬಣ್ಣದ ಛಾಯೆ. ಬಣ್ಣ ಹೊಂದಿತ್ತು, ಹೆಸರು ಹೊಂದಿತ್ತು. ಸಾಂದ್ರತೆ ಮಾತ್ರ ಸಾವಿರ ಪಟ್ಟು ಬೇರೆ ಇತ್ತು.

ಆ ಸಂಖ್ಯೆ ಯಾವುದರ ಲೆಕ್ಕ?

ಲೇಬಲ್ ಮೇಲೆ ಎಂಜಿ ಅಥವಾ ಯೂನಿಟ್ ಜೊತೆ ಒಂದು ಸಂಖ್ಯೆ ಕಂಡ ಕೂಡಲೇ ಕೇಳಬೇಕಾದ ಪ್ರಶ್ನೆ ಇದು: ಈ ಸಂಖ್ಯೆ ಒಂದು ಎಂಎಲ್‌ನದ್ದಾ, ಇಡೀ ವಯಲ್‌ನದ್ದಾ? ಉತ್ತರ ಅದರ ಪಕ್ಕದಲ್ಲೇ ಇರುತ್ತದೆ. "ಪ್ರತಿ ಎಂಎಲ್‌ನಲ್ಲಿ" ಅಂತಿದ್ದರೆ ಅದು ಸಾಂದ್ರತೆ. "ಪ್ರತಿ 2 ಎಂಎಲ್‌ನಲ್ಲಿ" ಅಂತಿದ್ದು ಆಂಪೂಲ್ ಕೂಡ 2 ಎಂಎಲ್ ಆಗಿದ್ದರೆ ಅದು ಒಟ್ಟು ಔಷಧಿ. ಜೆಂಟಾಮೈಸಿನ್ ಆಂಪೂಲ್ ಮೇಲೆ "80 ಎಂಜಿ / 2 ಎಂಎಲ್" ಅಂತ ಇದ್ದರೆ ಒಂದು ಎಂಎಲ್‌ನಲ್ಲಿರುವುದು 40 ಎಂಜಿ. ಅದೇ ಆಂಪೂಲನ್ನು ಇನ್ನೊಂದು ಕಂಪನಿ "40 ಎಂಜಿ / ಎಂಎಲ್" ಅಂತ ಬರೆಯಬಹುದು. ಔಷಧಿ ಅದೇ, ಬರೆಯುವ ರೀತಿ ಬೇರೆ.

ಈ ಗೊಂದಲ ಕಡಿಮೆ ಮಾಡಲು ಅಮೆರಿಕದಲ್ಲಿ ಹೆಪಾರಿನ್ ಲೇಬಲ್ ಬರೆಯುವ ನಿಯಮವನ್ನೇ 2013ರಲ್ಲಿ ಬದಲಿಸಿದರು. ಮೊದಲು ಇಡೀ ವಯಲ್‌ನ ಲೆಕ್ಕ ದೊಡ್ಡದಾಗಿ, ಅದರ ಕೆಳಗೆ ಒಂದು ಎಂಎಲ್‌ನ ಲೆಕ್ಕ. ಎರಡೂ ಒಟ್ಟಿಗೆ ಕಾಣುವಂತೆ ಬರೆಯುವುದು ನನ್ನ ಪ್ರಕಾರ ಎಲ್ಲ ಇಂಜೆಕ್ಷನ್‌ಗೂ ಸರಿಯಾದ ಪದ್ಧತಿ. ಆದರೆ ನಿಮ್ಮ ಕೈಗೆ ಬರುವ ಪ್ರತಿ ಲೇಬಲ್ ಹಾಗಿರುತ್ತದೆ ಅಂತ ನಂಬಿಕೊಳ್ಳಬೇಡಿ. ಎರಡರಲ್ಲಿ ಒಂದೇ ಇದ್ದರೆ ಇನ್ನೊಂದನ್ನು ನೀವೇ ಕಾಗದದ ಮೇಲೆ ಬರೆದುಕೊಳ್ಳಿ.

ಒಂದು ಎಂಎಲ್‌ಗಿಂತ ಕಡಿಮೆ ದ್ರವ ಇರುವ ಔಷಧಿಗಳಲ್ಲಿ ಇನ್ನೂ ಹುಷಾರಾಗಿರಬೇಕು. ಎನಾಕ್ಸಪರಿನ್ ತುಂಬಿದ ಸಿರಿಂಜ್ ಮೇಲೆ "40 ಎಂಜಿ / 0.4 ಎಂಎಲ್" ಅಂತ ಇರುತ್ತದೆ. ಕಣ್ಣು ಅವಸರದಲ್ಲಿದ್ದರೆ ಅದು "40 ಎಂಜಿ / 4 ಎಂಎಲ್" ಅಥವಾ "40 ಎಂಜಿ / ಎಂಎಲ್" ಆಗಿಬಿಡುತ್ತದೆ. ನಿಜವಾದ ಸಾಂದ್ರತೆ ಎಂಎಲ್‌ಗೆ 100 ಎಂಜಿ.

ಎಂಜಿ ಮತ್ತು ಮೈಕ್ರೋಗ್ರಾಂ ನಡುವೆ ಸಾವಿರ ಪಟ್ಟು ಅಂತರ ಇದೆ ಅನ್ನುವುದನ್ನೂ ಇಲ್ಲೇ ನೆನಪಿಡಿ. ಫೆಂಟಾನಿಲ್ 2 ಎಂಎಲ್ ಆಂಪೂಲ್‌ನಲ್ಲಿರುವುದು 100 ಮೈಕ್ರೋಗ್ರಾಂ, ಅಂದರೆ 0.1 ಎಂಜಿ. ಆರ್ಡರ್ ಒಂದು ಅಳತೆಯಲ್ಲಿದ್ದು ಲೇಬಲ್ ಇನ್ನೊಂದರಲ್ಲಿದ್ದರೆ ಮೊದಲು ಎರಡನ್ನೂ ಒಂದೇ ಅಳತೆಗೆ ತನ್ನಿ, ಆಮೇಲೆ ಲೆಕ್ಕ ಶುರು ಮಾಡಿ.

ಹೆಪಾರಿನ್ ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ

ಮೇಲಿನ ಆರ್ಡರ್‌ಗೇ ಬರೋಣ. 5,000 ಯೂನಿಟ್, ಚರ್ಮದಡಿಗೆ. ಕೈಯಲ್ಲಿರುವ ವಯಲ್‌ನಲ್ಲಿ 5 ಎಂಎಲ್ ದ್ರವ, ಅದರಲ್ಲಿ ಒಟ್ಟು 25,000 ಯೂನಿಟ್.

ಮೊದಲು ಒಂದು ಎಂಎಲ್‌ನ ಲೆಕ್ಕ: 25,000 ÷ 5 = 5,000 ಯೂನಿಟ್. ಲೇಬಲ್‌ನಲ್ಲಿ ಅದೂ ಬರೆದಿದ್ದರೆ ನಿಮ್ಮ ಉತ್ತರ ಅದಕ್ಕೆ ಹೊಂದಬೇಕು. ಹೊಂದದಿದ್ದರೆ ಅಲ್ಲೇ ನಿಲ್ಲಿಸಿ, ಓದುವುದರಲ್ಲಿ ಏನೋ ತಪ್ಪಿದೆ. ಆಮೇಲೆ ಎಳೆಯಬೇಕಾದ ಪ್ರಮಾಣ: ಬೇಕಾದ ಡೋಸನ್ನು ಒಂದು ಎಂಎಲ್‌ನಲ್ಲಿರುವುದರಿಂದ ಭಾಗಿಸಿ. 5,000 ÷ 5,000 = 1 ಎಂಎಲ್.

ಈಗ ಉತ್ತರವನ್ನು ದಾರಿಯ ಎದುರು ನಿಲ್ಲಿಸಿ. ಚರ್ಮದಡಿಗೆ 1 ಎಂಎಲ್ ಕೊಡಬಹುದಾ? ಕೊಡಬಹುದು. ಅಲ್ಲಿ ಸಾಮಾನ್ಯವಾಗಿ ಹಿಡಿಯುವುದೇ ಒಂದು, ಒಂದೂವರೆ ಎಂಎಲ್. ಹಾಗಾದರೆ ಮೊದಲು ಹೇಳಿದ ತಪ್ಪನ್ನು ಮಾಡಿದವರ ಸಿರಿಂಜ್ ನೋಡಿ. ಅದರಲ್ಲಿ 5 ಎಂಎಲ್ ಇದೆ. ಅಷ್ಟನ್ನು ಹೊಟ್ಟೆಯ ಚರ್ಮದಡಿಗೆ ಒಂದೇ ಕಡೆ ಯಾರೂ ಕೊಡುವುದಿಲ್ಲ. ಲೇಬಲ್ ಓದುವಾಗ ತಪ್ಪಿದ್ದು ಸಿರಿಂಜ್ ಗಾತ್ರ ನೋಡಿದಾಗ ಗೊತ್ತಾಗಬೇಕಿತ್ತು. ಚರ್ಮದಡಿಯ ಇಂಜೆಕ್ಷನ್‌ಗೆ ದೊಡ್ಡ ಸಿರಿಂಜ್ ಬೇಕಾಗುತ್ತಿದೆ ಅಂದರೆ ಕೈ ತಾನೇ ನಿಲ್ಲಬೇಕು.

ಇನ್ನೊಂದು ವಯಲ್, ಅಂದರೆ ಎಂಎಲ್‌ಗೆ 1,000 ಯೂನಿಟ್ ಇರುವುದು ಸಿಕ್ಕಿತು ಅನ್ನಿ. 5,000 ÷ 1,000 = 5 ಎಂಎಲ್. ಲೆಕ್ಕ ನೂರಕ್ಕೆ ನೂರು ಸರಿ. ಆದರೂ ಈ ವಯಲ್ ಈ ಆರ್ಡರ್‌ಗೆ ಸರಿಯಲ್ಲ, ಯಾಕೆಂದರೆ 5 ಎಂಎಲ್ ಆ ದಾರಿಯಲ್ಲಿ ಹೋಗಲಾರದು. ಹೆಚ್ಚು ಸಾಂದ್ರತೆಯ ವಯಲ್ ತರಿಸಿಕೊಳ್ಳಬೇಕು. ಡೋಸ್ ಲೆಕ್ಕ ಕಲಿಸುವಾಗ ಈ ಕೊನೆಯ ಹೆಜ್ಜೆಯನ್ನು ಬಿಟ್ಟುಬಿಡುವುದು ನನಗೆ ಬೇಸರದ ಸಂಗತಿ. ಸೂತ್ರಕ್ಕೆ ದಾರಿ ಗೊತ್ತಿಲ್ಲ. ಅದನ್ನು ಸೇರಿಸಬೇಕಾದವರು ನಾವೇ.

ಇದೇ ಪರೀಕ್ಷೆಯ ಇನ್ನೊಂದು ರೂಪ: ಒಬ್ಬ ರೋಗಿಯ ಒಂದು ಡೋಸ್‌ಗೆ ಮೂರು ನಾಲ್ಕು ಆಂಪೂಲ್ ಒಡೆಯಬೇಕಾಗುತ್ತಿದೆಯಾ? ಅಥವಾ ಒಂದು ಆಂಪೂಲ್‌ನಲ್ಲಿ ಇಪ್ಪತ್ತನೇ ಒಂದು ಭಾಗ ಸಾಕಾಗುತ್ತಿದೆಯಾ? ಕೆಲವು ಔಷಧಿಗಳಲ್ಲಿ, ಪುಟ್ಟ ಮಕ್ಕಳಲ್ಲಿ ಇದು ಸಹಜವಾಗಿಯೇ ಬರಬಹುದು. ಆದರೂ ಇನ್ನೊಬ್ಬರನ್ನು ಕರೆದು, ನಿಮ್ಮ ಉತ್ತರ ಹೇಳದೆ, ಅವರೇ ಲೇಬಲ್ ಓದಿ ಲೆಕ್ಕ ಹಾಕಲಿ. "1 ಎಂಎಲ್ ಅಲ್ವಾ?" ಅಂತ ಕೇಳಿದರೆ ಯಾರಾದರೂ "ಹೌದು" ಅಂತಲೇ ಅನ್ನುತ್ತಾರೆ.

ಹಾಗೇ, ವಯಲ್‌ನಿಂದ ಬಂದಷ್ಟನ್ನೂ ಡೋಸ್ ಅಂದುಕೊಳ್ಳಬೇಡಿ. 1 ಎಂಎಲ್ ಆಂಪೂಲ್‌ನಿಂದ ಎಷ್ಟೋ ಸಲ 1.1 ಎಂಎಲ್ ಬರುತ್ತದೆ. ಗಾಜಿಗೆ, ಸೂಜಿಗೆ ಅಂಟಿ ಹೋಗುವುದನ್ನು ಲೆಕ್ಕ ಹಿಡಿದು ತಯಾರಕರೇ ಸ್ವಲ್ಪ ಜಾಸ್ತಿ ತುಂಬಿರುತ್ತಾರೆ. ಎಳೆದದ್ದು ಎಷ್ಟೇ ಇರಲಿ, ಸಾಂದ್ರತೆ ಬದಲಾಗುವುದಿಲ್ಲ. ಸಿರಿಂಜ್‌ನಲ್ಲಿ ನಿಮ್ಮ ಲೆಕ್ಕದ ಗೆರೆಗೆ ನಿಲ್ಲಿಸಿ, ಮಿಕ್ಕದ್ದನ್ನು ಬಿಸಾಡಿ.

ಶೇಕಡಾ ಮತ್ತು ಅನುಪಾತ

ಕೆಲವು ಲೇಬಲ್‌ಗಳು ಎಂಜಿ ಹೇಳದೆ ಶೇಕಡಾ ಹೇಳುತ್ತವೆ. ಇಂಜೆಕ್ಷನ್‌ನಲ್ಲಿ 1% ಅಂದರೆ 100 ಎಂಎಲ್‌ನಲ್ಲಿ 1 ಗ್ರಾಂ, ಅಂದರೆ ಎಂಎಲ್‌ಗೆ 10 ಎಂಜಿ. ಹಾಗಾಗಿ ಶೇಕಡಾವನ್ನು ಹತ್ತರಿಂದ ಗುಣಿಸಿದರೆ ಎಂಎಲ್‌ಗೆ ಎಷ್ಟು ಎಂಜಿ ಅಂತ ಸಿಗುತ್ತದೆ. ಲಿಗ್ನೋಕೇನ್ 2% ಎಂದರೆ ಎಂಎಲ್‌ಗೆ 20 ಎಂಜಿ. ಆ 30 ಎಂಎಲ್ ವಯಲ್‌ನಲ್ಲಿ ಒಟ್ಟು 600 ಎಂಜಿ ಇದೆ. "ಬರೀ ಎರಡು ಪರ್ಸೆಂಟ್" ಅಂತ ಹಗುರವಾಗಿ ಕಂಡರೂ ಇಡೀ ವಯಲ್ ಒಬ್ಬರಿಗೆ ಹೋದರೆ ಅದು ಅಪಾಯದ ಪ್ರಮಾಣ.

ಅನುಪಾತ ಇನ್ನೂ ಮೋಸಗೊಳಿಸುತ್ತದೆ. ಅಡ್ರಿನಲಿನ್ 1:1000 ಅಂದರೆ 1,000 ಎಂಎಲ್‌ನಲ್ಲಿ 1 ಗ್ರಾಂ, ಅಂದರೆ ಎಂಎಲ್‌ಗೆ 1 ಎಂಜಿ. 1:10,000 ಅಂದರೆ ಎಂಎಲ್‌ಗೆ 0.1 ಎಂಜಿ. ಸಂಖ್ಯೆ ದೊಡ್ಡದಾದಷ್ಟೂ ಔಷಧಿ ತೆಳು. ತುರ್ತಿನ ಹೊತ್ತಲ್ಲಿ ಎಷ್ಟು ಸೊನ್ನೆ ಅಂತ ಎಣಿಸುತ್ತ ಕೂರಲು ಯಾರಿಗೂ ಆಗುವುದಿಲ್ಲ. ಅದಕ್ಕೇ 2016ರಿಂದ ಅಮೆರಿಕದಲ್ಲಿ ಅಡ್ರಿನಲಿನ್ ಒಂದೇ ಇರುವ ಇಂಜೆಕ್ಷನ್‌ಗಳ ಲೇಬಲ್‌ನಿಂದ ಅನುಪಾತವನ್ನು ತೆಗೆದು, ಎಂಎಲ್‌ಗೆ ಎಷ್ಟು ಎಂಜಿ ಅಂತಲೇ ಬರೆಯುತ್ತಾರೆ. ನಿಮ್ಮ ಲೇಬಲ್‌ನಲ್ಲಿ ಅನುಪಾತ ಇದ್ದರೆ ಮನಸ್ಸಲ್ಲಿ ಅದನ್ನು ಎಂಜಿಗೆ ತಿರುಗಿಸಿಯೇ ಮುಂದೆ ಹೋಗಿ.

ದಾರಿ: ಐಎಂ, ಐವಿ, ಎಸ್‌ಸಿ, ಐಡಿ

ಲೇಬಲ್‌ನಲ್ಲಿ ಐಎಂ ಅಂದರೆ ಸ್ನಾಯುವಿಗೆ, ಐವಿ ಅಂದರೆ ರಕ್ತನಾಳಕ್ಕೆ, ಎಸ್‌ಸಿ ಅಂದರೆ ಚರ್ಮದಡಿಗೆ, ಐಡಿ ಅಂದರೆ ಚರ್ಮದ ಪದರದೊಳಗೆ. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಕೊಡುವುದನ್ನು ಇಂಟ್ರಾಥೀಕಲ್ ಅನ್ನುತ್ತಾರೆ. ಒಂದಕ್ಕಿಂತ ಹೆಚ್ಚು ದಾರಿ ಬರೆದಿದ್ದರೆ ಅವೆಲ್ಲ ಸಾಧ್ಯ ಅಂತ ಅರ್ಥ, ಯಾವುದಾದರೂ ಸರಿ ಅಂತಲ್ಲ. ಆರ್ಡರ್‌ನಲ್ಲಿರುವ ದಾರಿ ಲೇಬಲ್‌ನಲ್ಲಿರಬೇಕು. ಲೇಬಲ್ ಚಿಕ್ಕದಾಗಿ ದಾರಿ ಬರೆದೇ ಇಲ್ಲದಿದ್ದರೆ ಡಬ್ಬಿ ಮತ್ತು ಒಳಗಿನ ಚೀಟಿ ನೋಡಿ. ಅಲ್ಲೂ ಸಿಗದಿದ್ದರೆ ಫಾರ್ಮಸಿಯವರನ್ನು ಕೇಳಿ. ಊಹೆ ಬೇಡ.

ಅಡ್ರಿನಲಿನ್‌ನಲ್ಲಿ ಸಾಂದ್ರತೆಗೂ ದಾರಿಗೂ ಇರುವ ನಂಟು ಚೆನ್ನಾಗಿ ಕಾಣುತ್ತದೆ. ತೀವ್ರ ಅಲರ್ಜಿಯಲ್ಲಿ ದೊಡ್ಡವರಿಗೆ 0.5 ಎಂಜಿ, ತೊಡೆಯ ಹೊರಬದಿಯ ಸ್ನಾಯುವಿಗೆ. ಎಂಎಲ್‌ಗೆ 1 ಎಂಜಿ ಇರುವ ಆಂಪೂಲ್‌ನಿಂದ 0.5 ಎಂಎಲ್, ಅಂದರೆ ಅರ್ಧ ಆಂಪೂಲ್. ಕೈಗೆ ಎಂಎಲ್‌ಗೆ 0.1 ಎಂಜಿ ಇರುವುದು ಬಂದರೆ ಅದೇ ಡೋಸ್‌ಗೆ 5 ಎಂಎಲ್ ಬೇಕು. ಸ್ನಾಯುವಿಗೆ ಅದು ವಿಪರೀತ, ಹಾಗಾಗಿ ಆ ತೆಳು ಔಷಧಿ ಈ ಕೆಲಸದ್ದಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ. ಅದು ತಯಾರಾಗಿರುವುದು ರಕ್ತನಾಳಕ್ಕೆ, ಹೃದಯ ನಿಂತಾಗ 1 ಎಂಜಿ, ಅಂದರೆ 10 ಎಂಎಲ್ ಕೊಡಲು. ಸ್ನಾಯುವಿಗೆ ಕೊಡಬೇಕಾದ 0.5 ಎಂಜಿಯನ್ನು ಹೃದಯ ಬಡಿಯುತ್ತಿರುವ ರೋಗಿಯ ರಕ್ತನಾಳಕ್ಕೆ ಒಂದೇ ಸಲಕ್ಕೆ ತಳ್ಳಿದರೆ ಬಿಪಿ ಏಕಾಏಕಿ ಏರುತ್ತದೆ, ಹೃದಯದ ಲಯ ಕೆಡಬಹುದು. ಡೋಸ್ ಸರಿ ಇದ್ದರೂ ದಾರಿ ತಪ್ಪಿದರೆ ಅದು ತಪ್ಪು ಡೋಸೇ.

"ಐಎಂ ಮಾತ್ರ" ಅನ್ನುವ ಎಚ್ಚರಿಕೆಗೂ ಕಾರಣ ಇರುತ್ತದೆ. ಬೆಂಜಥೀನ್ ಪೆನಿಸಿಲಿನ್ ಹಾಲಿನಂತೆ ಮಬ್ಬಾಗಿರುತ್ತದೆ, ಅದರಲ್ಲಿ ಕರಗದ ಕಣಗಳಿವೆ. ಸ್ನಾಯುವಿನಲ್ಲಿ ಕುಳಿತು ವಾರಗಟ್ಟಲೆ ನಿಧಾನವಾಗಿ ಬಿಡುಗಡೆಯಾಗಲಿ ಅಂತಲೇ ಹಾಗೆ ಮಾಡಿದ್ದು. ರಕ್ತನಾಳಕ್ಕೆ ಹೋದರೆ ಉಸಿರು, ಹೃದಯ ನಿಂತು ಸಾವಾಗಿದ್ದುಂಟು. ಉಲ್ಟಾ ಕೂಡ ಇದೆ: ಕ್ಯಾನ್ಸರ್ ಔಷಧಿ ವಿನ್‌ಕ್ರಿಸ್ಟೀನ್ ಐವಿಗೆ ಮಾತ್ರ. ಅದು ಬೆನ್ನುಹುರಿಯ ದ್ರವಕ್ಕೆ ಹೋದರೆ ಬಹುತೇಕ ಸಾವೇ. ಆ ತಪ್ಪು ಮತ್ತೆ ಮತ್ತೆ ಆದದ್ದರಿಂದ ಅದನ್ನು ಸಿರಿಂಜ್‌ನಲ್ಲಿ ಎಳೆದಿಡದೆ ಪುಟ್ಟ ಐವಿ ಚೀಲದಲ್ಲಿ ತಯಾರಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಟ್ರಾನೆಕ್ಸಾಮಿಕ್ ಆಸಿಡ್ ಆಂಪೂಲನ್ನು ಬೆನ್ನಿನ ಅರಿವಳಿಕೆಯ ಬ್ಯುಪಿವಕೇನ್ ಅಂದುಕೊಂಡು ಕೊಟ್ಟ ಪ್ರಕರಣಗಳ ಬಗ್ಗೆ ಅದೇ ಸಂಸ್ಥೆ 2022ರಲ್ಲಿ ಎಚ್ಚರಿಕೆ ಕೊಟ್ಟಿತು. ಎರಡೂ ತಿಳಿ ದ್ರವ, ಆಂಪೂಲ್‌ಗಳೂ ನೋಡಲು ಒಂದೇ ಥರ. ಇವನ್ನು ಒಂದೇ ಟ್ರೇಯಲ್ಲಿ ಇಡಲೇಬಾರದು.

ಕೆಲವೊಮ್ಮೆ ದಾರಿ ಸರಿ ಇದ್ದರೂ ಮೊದಲು ಮಾಡಬೇಕಾದ ಕೆಲಸ ಒಂದಿರುತ್ತದೆ. ಪೊಟ್ಯಾಸಿಯಮ್ ಕ್ಲೋರೈಡ್ 15% ಆಂಪೂಲ್ ಮೇಲೆ ಐವಿ ಅಂತ ಇರುತ್ತದೆ, ಜೊತೆಗೆ "ತೆಳು ಮಾಡಿಯೇ ಕೊಡಿ" ಅಂತ. ಎರಡನೇ ಮಾತು ಬಿಟ್ಟು ಮೊದಲನೆಯದನ್ನಷ್ಟೇ ಓದಿ ಸಿರಿಂಜ್‌ನಿಂದ ನೇರವಾಗಿ ತಳ್ಳಿದರೆ ಹೃದಯ ನಿಲ್ಲುತ್ತದೆ. ದಾರಿಯ ಸಾಲನ್ನು ಪೂರ್ಣವಿರಾಮದವರೆಗೂ ಓದಿ.

ಪುಡಿ ಇರುವ ವಯಲ್

ಪುಡಿ ವಯಲ್‌ನ ಲೇಬಲ್‌ನಲ್ಲಿ ಎಂಎಲ್ ಲೆಕ್ಕ ಇರುವುದಿಲ್ಲ, ಒಟ್ಟು ಔಷಧಿ ಮಾತ್ರ ಇರುತ್ತದೆ. ಸಾಂದ್ರತೆ ಹುಟ್ಟುವುದು ನೀವು ದ್ರವ ಸೇರಿಸಿದಾಗ. ಇಲ್ಲಿ ಮರೆಯುವುದು ಏನೆಂದರೆ, ಪುಡಿಯೂ ಜಾಗ ಹಿಡಿಯುತ್ತದೆ. ಸೆಫ್ಟ್ರಿಯಾಕ್ಸೋನ್ 1 ಗ್ರಾಂ ವಯಲ್‌ನ ಒಂದು ಪ್ರಚಲಿತ ಸೂಚನೆ ಹೀಗಿದೆ: ಸ್ನಾಯುವಿಗೆ ಕೊಡಲು 3.6 ಎಂಎಲ್ ಸೇರಿಸಿದರೆ ಎಂಎಲ್‌ಗೆ 250 ಎಂಜಿ ಆಗುತ್ತದೆ. ಅಂದರೆ ಒಳಗೆ ಆಗುವುದು 4 ಎಂಎಲ್, 3.6 ಅಲ್ಲ.

500 ಎಂಜಿ ಬೇಕು ಅಂದರೆ 500 ÷ 250 = 2 ಎಂಎಲ್. "3.6 ಹಾಕಿದೆ, ಅರ್ಧ ಅಂದರೆ 1.8" ಅಂತ ಎಳೆದರೆ ಹೋಗುವುದು 450 ಎಂಜಿ. ಇಡೀ ವಯಲ್ ಕೊಡುವಾಗ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಭಾಗ ಮಾಡಿ ಕೊಡುವಾಗ, ಅದರಲ್ಲೂ ಮಕ್ಕಳಿಗೆ ಕೊಡುವಾಗ ಗೊತ್ತಾಗುತ್ತದೆ. ಎಷ್ಟು ಸೇರಿಸಿದರೆ ಎಷ್ಟಾಗುತ್ತದೆ ಅನ್ನುವುದು ತಯಾರಕರಿಂದ ತಯಾರಕರಿಗೆ ಬೇರೆ ಇರಬಹುದು, ಕೈಯಲ್ಲಿರುವ ಡಬ್ಬಿಯ ಚೀಟಿಯೇ ಪ್ರಮಾಣ.

ಸೇರಿಸುವ ದ್ರವವೂ ದಾರಿಯನ್ನು ನಿರ್ಧರಿಸುತ್ತದೆ. ಸೆಫ್ಟ್ರಿಯಾಕ್ಸೋನ್ ಸ್ನಾಯುವಿಗೆ ನೋಯುತ್ತದೆ, ಹಾಗಾಗಿ ಲಿಗ್ನೋಕೇನ್ 1% ಸೇರಿಸಿ ಕಲಸುವುದುಂಟು. ಕಲಸಿದ ಆ ಕ್ಷಣದಿಂದ ಆ ವಯಲ್ ಐವಿಗೆ ಬರುವುದಿಲ್ಲ. ಕಂಪನಿಯ ಲೇಬಲ್‌ನಲ್ಲಿ ಈಗಲೂ ಐಎಂ, ಐವಿ ಎರಡೂ ಇರುತ್ತವೆ, ಒಳಗಿನ ದ್ರವ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ಕಲಸಿದ ಕೂಡಲೇ ವಯಲ್ ಮೇಲೆ ಅಂಟುಚೀಟಿ ಹಾಕಿ ಬರೆಯಿರಿ: ಯಾವ ದ್ರವ, ಎಷ್ಟು ಹಾಕಿದ್ದು, ಈಗ ಎಂಎಲ್‌ಗೆ ಎಷ್ಟು ಎಂಜಿ, "ಐಎಂ ಮಾತ್ರ", ದಿನಾಂಕ, ಹೊತ್ತು, ಕಲಸಿದವರ ಹೆಸರು. ಕಂಪನಿ ಬರೆದ ಸಂಖ್ಯೆ ಮುಚ್ಚಿಹೋಗದಂತೆ ಅಂಟಿಸಿ. ಸಿರಿಂಜ್‌ಗೆ ಎಳೆದು ತಕ್ಷಣ ಕೊಡದೆ ಟ್ರೇಗೆ ಇಡುವುದಾದರೆ ಸಿರಿಂಜ್ ಮೇಲೂ ಬರೆಯಿರಿ. ಚೀಟಿ ಇಲ್ಲದ ಸಿರಿಂಜ್ ಟ್ರೇಯಲ್ಲಿ ಕಂಡರೆ, ಒಳಗೆ ಏನಿದೆ ಅಂತ ಯಾರು ಎಷ್ಟೇ ಖಚಿತವಾಗಿ ಹೇಳಿದರೂ, ಅದನ್ನು ಬಿಸಾಡಿ ಹೊಸದಾಗಿ ತಯಾರಿಸಿ.